‘ಬೇಜಾರು’ ಅಂದರೆ ಯಾವ ಬೇಜಾರು?

ಕನ್ನಡಿಗರ ದಿನನಿತ್ಯದ ಮಾತಿನಲ್ಲಿ ‘ಬೇಜಾರು’ ದುಡಿಯುವಷ್ಟು ಇನ್ನಾವ ಪದವೂ ದುಡಿಯುವುದಿಲ್ಲ. ಭಾನುವಾರ ಮಧ್ಯಾಹ್ನ ಕೆಲಸವಿಲ್ಲದೆ ಕೂತವರಿಗೆ ಬೇಜಾರು. ಗೃಹಪ್ರವೇಶಕ್ಕೆ ಕರೆಯದ ತಮ್ಮನ ಮೇಲೆ ಬೇಜಾರು. ಸ್ನೇಹಿತನ ತಂದೆ ತೀರಿಕೊಂಡರೆಂದು ಕೇಳಿ ಬೇಜಾರು. ಆಡಬಾರದ ಮಾತು ಆಡಿಬಿಟ್ಟೆನಲ್ಲ ಎಂದು ಬೇಜಾರು. ಕೈಸಾಲ ಕೇಳಿ ಇಲ್ಲವೆನ್ನಿಸಿಕೊಂಡು ಬಂದರೂ ಬೇಜಾರೇ. ಇತ್ತ ಒಳ್ಳೆಯದರ ಕಡೆಗೆ ನೋಡಿದರೆ ಅಲ್ಲಿ ‘ಚೆನ್ನಾಗಿದೆ’, ‘ಖುಷಿಯಾಯ್ತು’ ಎಂಬ ಎರಡು ಮಾತು ಇಡೀ ಸಂಸಾರವನ್ನು ಸಾಗಿಸುತ್ತವೆ. ನಡುವೆ ಎಲ್ಲಿಗೂ ಸೇರದ ಹೆದರಿಕೆ, ಅವಸರ, ಸಿಡುಕು ಇತ್ಯಾದಿಗಳನ್ನೆಲ್ಲ ‘ಟೆನ್ಷನ್’ ಎಂಬ ಪದದ ಕೈಗೆ ಒಪ್ಪಿಸಿ ನಾವು ನಿಶ್ಚಿಂತರಾಗಿದ್ದೇವೆ. ಇದರಿಂದ ಮಾತುಕತೆಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಎದುರಿನವರಿಗೆ ಸಂದರ್ಭ ನೋಡಿ ಅರ್ಥವಾಗುತ್ತದೆ. ತೊಂದರೆ ಇರುವುದು ಹೇಳುವವರಿಗೇ. ತನಗಾಗಿರುವುದು ಯಾವ ಬೇಜಾರು ಎಂದು ತನಗೇ ಗೊತ್ತಿಲ್ಲದಿದ್ದರೆ ಮುಂದೆ ಏನು ಮಾಡಬೇಕು ಎನ್ನುವುದೂ ಗೊತ್ತಾಗುವುದಿಲ್ಲ.

ಈ ಮಾತು ಉಪದೇಶದಂತೆ ಕೇಳಬಹುದು. ಆದರೆ ಇದರ ಹಿಂದೆ ಕಳೆದ ಮೂರು ದಶಕಗಳ ಮನಶ್ಶಾಸ್ತ್ರದ ಒಂದು ಸಾಕಷ್ಟು ಗಟ್ಟಿಯಾದ ಎಳೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ವಿದ್ಯಾರ್ಥಿನಿಯಾಗಿದ್ದಾಗ ಆತಂಕ ಮತ್ತು ಖಿನ್ನತೆಯ ಬಗ್ಗೆ ಮಾಡುತ್ತಿದ್ದ ಪ್ರಯೋಗಗಳು ಕೈಕೊಡುತ್ತಲೇ ಇದ್ದವು. ಎರಡನ್ನೂ ಬೇರೆಬೇರೆಯಾಗಿ ಅಳೆಯಲು ಹೋದರೆ ಭಾಗವಹಿಸಿದವರಲ್ಲಿ ಅನೇಕರು ಎರಡಕ್ಕೂ ಒಂದೇ ಉತ್ತರ ಕೊಡುತ್ತಿದ್ದರು. ಅವರ ಪಾಲಿಗೆ ಆ ಎರಡು ಪದಗಳು ‘ಚೆನ್ನಾಗಿಲ್ಲ’ ಎಂಬುದರ ಎರಡು ಹೆಸರುಗಳಷ್ಟೇ ಆಗಿದ್ದವು. ಇನ್ನು ಕೆಲವರು ಮಾತ್ರ ಎರಡನ್ನೂ ಖಚಿತವಾಗಿ ಬೇರ್ಪಡಿಸುತ್ತಿದ್ದರು. ಪ್ರಯೋಗದ ದೋಷವೆಂದು ಎಸೆಯಬಹುದಾಗಿದ್ದ ಈ ವ್ಯತ್ಯಾಸವನ್ನೇ ಬ್ಯಾರೆಟ್ ಮುಂದೆ ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ಭಾವನೆಗಳನ್ನು ಎಷ್ಟು ಸಣ್ಣ ಜರಡಿಯಲ್ಲಿ ಸೋಸಬಲ್ಲೆವು ಎಂಬ ಈ ಸಾಮರ್ಥ್ಯವನ್ನು ಸಂಶೋಧಕರು ‘ಎಮೋಷನಲ್ ಗ್ರ್ಯಾನ್ಯುಲಾರಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ಭಾವವಿವೇಚನೆ ಎಂದುಕೊಳ್ಳಬಹುದು.

ಇದನ್ನು ಅಳೆಯುವ ಬಗೆಯನ್ನು ತಿಳಿದುಕೊಳ್ಳುವುದು ಮುಖ್ಯ, ಏಕೆಂದರೆ ಪದಸಂಪತ್ತಿನ ಬಗ್ಗೆ ನಮಗಿರುವ ಒಂದು ತಪ್ಪು ಕಲ್ಪನೆ ಅಲ್ಲಿಯೇ ಬಗೆಹರಿಯುತ್ತದೆ. ನಿಮಗೆ ಎಷ್ಟು ಪದ ಗೊತ್ತು ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಒಂದೆರಡು ವಾರ ದಿನಕ್ಕೆ ಒಂದು ಅಥವಾ ಹಲವು ಬಾರಿ, ಆ ಹೊತ್ತಿಗೆ ಕೋಪ, ದುಃಖ, ಆತಂಕ, ನಾಚಿಕೆ ಮುಂತಾದವು ಎಷ್ಟೆಷ್ಟಿವೆ ಎಂದು ಅಂಕ ಹಾಕಲು ಹೇಳುತ್ತಾರೆ. ಒಂದು ಕಲ್ಪಿತ ಉದಾಹರಣೆ ನೋಡಿ. ಒಬ್ಬರು ಸೋಮವಾರ ಕೋಪಕ್ಕೆ 6, ದುಃಖಕ್ಕೆ 6, ಆತಂಕಕ್ಕೆ 5 ಕೊಟ್ಟರು. ಮಂಗಳವಾರ ಮೂರಕ್ಕೂ 2 ಕೊಟ್ಟರು. ಗುರುವಾರ ಮೂರೂ ಮತ್ತೆ 5ಕ್ಕೆ ಏರಿದವು. ಇನ್ನೊಬ್ಬರು ಸೋಮವಾರ ಕೋಪಕ್ಕೆ 6, ಉಳಿದೆರಡಕ್ಕೆ 1 ಕೊಟ್ಟರು. ಮಂಗಳವಾರ ಕೋಪ ಇಳಿದು ಆತಂಕ 5 ಆಯಿತು. ಗುರುವಾರ ದುಃಖ ಮಾತ್ರ ಮೇಲಿತ್ತು. ಇಬ್ಬರಿಗೂ ಮೂರು ಪದಗಳೂ ಗೊತ್ತು. ಆದರೆ ಮೊದಲಿನವರಲ್ಲಿ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದಂತೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಅಂಕಗಳು ಹೀಗೆ ಎಷ್ಟರಮಟ್ಟಿಗೆ ಒಟ್ಟೊಟ್ಟಿಗೆ ಚಲಿಸುತ್ತವೆ ಎಂಬ ಲೆಕ್ಕವೇ ಅಳತೆಗೋಲು. ಹೀಗಾಗಿ ನಿಘಂಟಿನ ಪುಟ ಬಾಯಿಪಾಠ ಮಾಡಿದವರೂ ಈ ಪರೀಕ್ಷೆಯಲ್ಲಿ ಹಿಂದೆ ಬೀಳಬಹುದು, ಹತ್ತು ಪದ ಬಲ್ಲವರು ಮುಂದಿರಬಹುದು. ಪದಗಳ ಎಣಿಕೆಗಿಂತ ಇಲ್ಲಿ ಲೆಕ್ಕಕ್ಕೆ ಬರುವುದು ಆ ಪದಗಳು ನಮ್ಮೊಳಗೆ ಬೇರೆಬೇರೆ ಕೆಲಸ ಮಾಡುತ್ತಿವೆಯೇ ಎಂಬುದು.

ಬೇರೆಬೇರೆ ಕೆಲಸ ಮಾಡಿದರೆ ಆಗುವ ಪ್ರಯೋಜನವೇನು? 2001ರಲ್ಲಿ ಬ್ಯಾರೆಟ್ ಮತ್ತು ಸಂಗಡಿಗರು ಎರಡು ವಾರಗಳ ದಿನಚರಿಯ ಆಧಾರದ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಅಹಿತಕರ ಭಾವನೆಗಳನ್ನು ಚೆನ್ನಾಗಿ ಬೇರ್ಪಡಿಸಬಲ್ಲವರು ಆ ಭಾವನೆಗಳನ್ನು ನಿಭಾಯಿಸಲು ಹೆಚ್ಚು ಪ್ರಯತ್ನ ಮಾಡಿದ್ದು ಕಂಡುಬಂತು. ಭಾವನೆ ತೀವ್ರವಾಗಿದ್ದಾಗ ಈ ಸಂಬಂಧ ಇನ್ನೂ ಎದ್ದುಕಾಣುತ್ತಿತ್ತು. ಮುಂದೆ ಟಾಡ್ ಕಾಶ್ಡನ್ ಮತ್ತು ಜೊತೆಯವರು ಕುಡಿಯುವ ಅಭ್ಯಾಸವಿದ್ದ ಯುವಜನರನ್ನು ಹೀಗೆಯೇ ಗಮನಿಸಿದರು. ಮನಸ್ಸು ತೀರಾ ಕೆಟ್ಟಾಗ, ಕೆಟ್ಟದ್ದರೊಳಗೆ ವ್ಯತ್ಯಾಸ ಕಾಣಬಲ್ಲವರು ಉಳಿದವರಿಗಿಂತ ಕಡಿಮೆ ಕುಡಿದಿದ್ದರು. ಇದು ಊಹೆಗೆ ನಿಲುಕದ ಸಂಗತಿಯೇನಲ್ಲ. ಆಗಿರುವುದು ಬರೀ ‘ಬೇಜಾರು’ ಎಂದಾದರೆ ಅದಕ್ಕಿರುವ ಮದ್ದೂ ಒಂದೇ, ಹೇಗಾದರೂ ಮಾಡಿ ಅದನ್ನು ಮರೆಯುವುದು. ಮರೆಸುವ ವಸ್ತುಗಳು ಎಲ್ಲೆಡೆ ಸಿಗುತ್ತವೆ. ಬಾಟಲಿಯೂ ಆಗಬಹುದು, ಮೊಬೈಲೂ ಆಗಬಹುದು, ಮಕ್ಕಳ ಮೇಲೆ ರೇಗಾಡುವುದೂ ಆಗಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೇಲಿನ ಅಧ್ಯಯನಗಳು ಎರಡು ಸಂಗತಿಗಳು ಒಟ್ಟಿಗಿವೆ ಎಂದು ತೋರಿಸುತ್ತವೆ, ಒಂದರಿಂದಲೇ ಇನ್ನೊಂದಾಯಿತು ಎಂದು ಸಾಧಿಸುವುದಿಲ್ಲ. ಮೊದಲಿನಿಂದಲೂ ಮನಸ್ಸು ಸ್ಥಿರವಾಗಿರುವವರಿಗೇ ಭಾವನೆಗಳನ್ನು ಬಿಡಿಸಿ ನೋಡುವ ವ್ಯವಧಾನ ಇರಬಹುದು. ಹಾಗಾಗಿ ಪದ ಬಳಸುವುದನ್ನೇ ಪ್ರಯೋಗಕ್ಕೊಡ್ಡಿದ ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2012ರಲ್ಲಿ ಪ್ರಕಟವಾದ ಕಿರ್ಕಾನ್ಸ್ಕಿ, ಲೀಬರ್ಮನ್, ಕ್ರಾಸ್ಕ್ ಅವರ ಪ್ರಯೋಗದಲ್ಲಿ ಜೇಡಕ್ಕೆ ಹೆದರುವ 88 ಮಂದಿ ಇದ್ದರು. ಅವರನ್ನು ದೊಡ್ಡ ಟಾರಂಟುಲಾ ಜೇಡದ ಎದುರು ಕೂರಿಸಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನವರು ತಮಗಾಗುತ್ತಿರುವ ಭಯವನ್ನೂ ಅಸಹ್ಯವನ್ನೂ ಇದ್ದಂತೆ ಬಾಯಿಬಿಟ್ಟು ಹೇಳಬೇಕು. ಎರಡನೆಯವರು ಜೇಡದ ಬಗ್ಗೆ ಭಯ ತಗ್ಗುವಂಥ ಮಾತು ಹೇಳಿಕೊಳ್ಳಬೇಕು, ಅಂದರೆ ಅದು ಚಿಕ್ಕ ಜೀವಿ, ಏನೂ ಮಾಡದು ಎಂಬ ಧಾಟಿ. ಮೂರನೆಯವರು ಸಂಬಂಧವಿಲ್ಲದ ಬೇರೇನೋ ಮಾತಾಡಬೇಕು. ನಾಲ್ಕನೆಯವರು ಸುಮ್ಮನಿರಬೇಕು. ಒಂದು ವಾರದ ಮೇಲೆ ಮತ್ತೆ ಜೇಡದ ಹತ್ತಿರ ಹೋಗಲು ಹೇಳಿದಾಗ, ಭಯವನ್ನು ಹೆಸರಿಟ್ಟು ಹೇಳಿದ ಮೊದಲ ಗುಂಪಿನವರ ಚರ್ಮದ ಬೆವರಿನ ಪ್ರತಿಕ್ರಿಯೆ ಉಳಿದವರಿಗಿಂತ ತಗ್ಗಿತ್ತು. ಆ ಗುಂಪಿನಲ್ಲೂ ಭಯ, ಆತಂಕ ಸೂಚಿಸುವ ಪದಗಳನ್ನು ಹೆಚ್ಚು ಬಳಸಿದವರಲ್ಲಿ ಪರಿಣಾಮ ಹೆಚ್ಚು. ಸ್ವಾರಸ್ಯವೆಂದರೆ ‘ನಿಮಗೆಷ್ಟು ಭಯ?’ ಎಂದು ಕೇಳಿ ಪಡೆದ ಅಂಕಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮೈ ಶಾಂತವಾಗಿತ್ತು, ಅದು ಬಾಯಿಗಿನ್ನೂ ಗೊತ್ತಾಗಿರಲಿಲ್ಲ. ‘ಏನೂ ಆಗಲ್ಲ ಬಿಡು’ ಎಂದು ಸಮಾಧಾನ ಹೇಳುವ ನಮ್ಮ ರೂಢಿಯ ಬಗ್ಗೆ ಈ ಪ್ರಯೋಗ ತಣ್ಣಗೆ ಒಂದು ಪ್ರಶ್ನೆ ಎತ್ತುತ್ತದೆ.

ಜೇಡವೇನೋ ಕಣ್ಣೆದುರಿಗೆ ಇರುತ್ತದೆ. ಸಂಸಾರದ, ಕಚೇರಿಯ ಭಾವನೆಗಳು ಹಾಗಲ್ಲ. ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ಬಿಡಿಸಿ ನೋಡೋಣ. ಪದವಿಪೂರ್ವ ಕಾಲೇಜೊಂದರ ಉಪನ್ಯಾಸಕಿ ರಜೆಯಲ್ಲೆಲ್ಲ ಕೂತು ರಸಾಯನಶಾಸ್ತ್ರದ ಪ್ರಯೋಗಗಳ ಕೈಪಿಡಿ ಸಿದ್ಧಪಡಿಸಿದ್ದಾರೆ. ವಾರ್ಷಿಕೋತ್ಸವದ ದಿನ ಪ್ರಾಂಶುಪಾಲರು ವೇದಿಕೆಯಿಂದ ಆ ಕೈಪಿಡಿಯನ್ನು ಹೊಗಳಿ, ಅದರಲ್ಲಿ ಎರಡು ಪುಟ ಮಾತ್ರ ಬರೆದ ಸಹೋದ್ಯೋಗಿಯ ಹೆಸರು ಹೇಳಿ ಶಾಲು ಹೊದಿಸುತ್ತಾರೆ. ಉಪನ್ಯಾಸಕಿ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಯಾಕೋ ತುಂಬಾ ಬೇಜಾರು ರೀ” ಎನ್ನುತ್ತಾರೆ. ಗಂಡ ಕೆಟ್ಟವರಲ್ಲ. “ಹೋಗ್ಲಿ ಬಿಡು, ರಾತ್ರಿ ಹೊರಗೆ ಊಟಕ್ಕೆ ಹೋಗೋಣ” ಎನ್ನುತ್ತಾರೆ. ಬೇಜಾರು ಎಂದರೆ ಕಳೆಯಬೇಕಾದದ್ದು ಎಂದೇ ನಮ್ಮ ಭಾಷೆಯ ರೂಢಿ, ಅವರು ಅದಕ್ಕೆ ತಕ್ಕ ಮದ್ದು ಕೊಟ್ಟಿದ್ದಾರೆ. ಊಟ ಮುಗಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಏನೂ ತಿಳಿಯದ ಆ ಸಹೋದ್ಯೋಗಿಯ ಜೊತೆ ಮಾತು ಕಡಿಮೆಯಾಗುತ್ತದೆ. ವಾರ ಕಳೆಯುವುದರೊಳಗೆ ಸಿಟ್ಟು ತಪ್ಪು ವಿಳಾಸಕ್ಕೆ ತಲುಪಿರುತ್ತದೆ.

ಈ ಬೇಜಾರಿನೊಳಗೆ ಏನೇನಿರಬಹುದು? ನಾಲ್ಕು ಜನರೆದುರು ತನ್ನನ್ನು ಇಲ್ಲವೆಂಬಂತೆ ಮಾಡಿದರು ಎಂಬ ಅವಮಾನ ಇರಬಹುದು. ಸಹೋದ್ಯೋಗಿಗೆ ಶಾಲು ಸಿಕ್ಕಿತಲ್ಲ ಎಂಬ ಹೊಟ್ಟೆಕಿಚ್ಚು ಇರಬಹುದು. ಇಷ್ಟು ದುಡಿದರೂ ಇಷ್ಟೇ ತಾನೇ ಎಂಬ ಹತಾಶೆ ಇರಬಹುದು. ಅಲ್ಲಿಯೇ ಎದ್ದುನಿಂತು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲವಲ್ಲ ಎಂಬ ಹಳಹಳಿ ಇರಬಹುದು. ಯಾವುದು ಎಂದು ಪತ್ತೆಮಾಡಲು ಒಂದು ಸರಳ ವಿಧಾನವಿದೆ. ಘಟನೆಯಲ್ಲಿ ಒಂದೇ ಒಂದು ಅಂಶವನ್ನು ಮನಸ್ಸಿನಲ್ಲಿ ಬದಲಿಸಿ, ಭಾರ ಇಳಿಯುತ್ತದೆಯೇ ನೋಡುವುದು. ಪ್ರಾಂಶುಪಾಲರು ಯಾರ ಹೆಸರನ್ನೂ ಹೇಳದೆ ಬಿಟ್ಟಿದ್ದರೆ ಸಮಾಧಾನವಾಗುತ್ತಿತ್ತೇ? ಹೌದಾದರೆ ಚುಚ್ಚುತ್ತಿರುವುದು ಸಹೋದ್ಯೋಗಿಗೆ ಸಿಕ್ಕ ಮನ್ನಣೆ. ಆಮೇಲೆ ಕೊಠಡಿಗೆ ಕರೆದು “ನಿಮ್ಮ ಕೆಲಸ ನನಗೆ ಗೊತ್ತಮ್ಮ” ಎಂದಿದ್ದರೆ ಸಾಕಿತ್ತೇ? ಸಾಕೆನ್ನಿಸಿದರೆ ಬೇಕಿದ್ದದ್ದು ಗುರುತಿಸುವಿಕೆ, ವೇದಿಕೆಯಲ್ಲ. ಸಾಲದು ಎನ್ನಿಸಿದರೆ ಪೆಟ್ಟು ಬಿದ್ದಿರುವುದು ಸಭೆಯ ಎದುರಿನ ಮಾನಕ್ಕೆ. ತಾನು ಆ ಕ್ಷಣದಲ್ಲಿ ಒಂದು ಮಾತು ಆಡಿದ್ದರೆ, ಫಲ ಸಿಗದಿದ್ದರೂ, ಹಗುರವಾಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಕೋಪ ತನ್ನ ಮೇಲೆಯೇ ಇದೆ. ಒಂದೊಂದಕ್ಕೂ ಮುಂದಿನ ಹೆಜ್ಜೆ ಬೇರೆ. ಮಾನದ ಪ್ರಶ್ನೆಯಾದರೆ ಪ್ರಾಂಶುಪಾಲರ ಹತ್ತಿರ ಹೋಗಿ ಕೈಪಿಡಿಯ ಮುಂದಿನ ಮುದ್ರಣದಲ್ಲಿ ಹೆಸರು ಹಾಕಿಸುವಂತೆ ಕೇಳಬೇಕು. ಹಳಹಳಿಯಾದರೆ ತಡವಾಗಿಯಾದರೂ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಹತಾಶೆಯಾದರೆ ಮುಂದಿನ ರಜೆಯನ್ನು ಇಂಥ ಕೆಲಸಕ್ಕೆ ಕೊಡಬೇಕೇ ಎಂದು ತೀರ್ಮಾನಿಸಬೇಕು. ಬರೀ ಹೊಟ್ಟೆಕಿಚ್ಚಾದರೆ ಅದನ್ನು ಹೊಟ್ಟೆಕಿಚ್ಚು ಎಂದು ಒಪ್ಪಿಕೊಂಡು ಯಾರಿಗೂ ಏನೂ ಹೇಳದಿರುವುದೇ ಒಳ್ಳೆಯದು. ಹೋಟೆಲಿನ ಊಟ ಈ ಯಾವುದಕ್ಕೂ ಉತ್ತರವಲ್ಲ.

ಭಾವನೆಯನ್ನು ಅದರ ಕಾರಣ ಮತ್ತು ಅದರ ಕುರುಹುಗಳ ಮೂಲಕ ಗುರುತಿಸುವ ಈ ಕ್ರಮ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರ 8 ಸ್ಥಾಯಿಭಾವ, 33 ವ್ಯಭಿಚಾರಿಭಾವ, 8 ಸಾತ್ತ್ವಿಕಭಾವಗಳನ್ನು ಹೇಳುವಾಗ ಬರೀ ಪಟ್ಟಿ ಕೊಟ್ಟು ಸುಮ್ಮನಾಗುವುದಿಲ್ಲ. ಯಾವುದರಿಂದ ಹುಟ್ಟುತ್ತದೆ ಎಂಬ ವಿಭಾವ, ಮೈಮೇಲೆ ಹೇಗೆ ಕಾಣುತ್ತದೆ ಎಂಬ ಅನುಭಾವ, ಎರಡನ್ನೂ ಹೇಳುತ್ತದೆ. ಅಸೂಯೆ ಇನ್ನೊಬ್ಬರ ಸಂಪತ್ತು, ವಿದ್ಯೆ, ಸೌಭಾಗ್ಯ ನೋಡಿ ಹುಟ್ಟುತ್ತದೆ, ದೋಷ ಹುಡುಕುವುದು, ಮುಖ ತಿರುಗಿಸುವುದು ಅದರ ಕುರುಹು. ಅಮರ್ಷ ಹಾಗಲ್ಲ. ವಿದ್ಯೆಯಲ್ಲಿ, ಹಣದಲ್ಲಿ, ಬಲದಲ್ಲಿ ತನಗಿಂತ ಮೇಲಿರುವವರಿಂದ ಅವಮಾನಗೊಂಡವನಲ್ಲಿ ಹುಟ್ಟುವ ಸಹಿಸಲಾಗದ ಕುದಿ ಅದು. ತಲೆಯಾಡಿಸುವುದು, ಬೆವರುವುದು, ತಲೆ ತಗ್ಗಿಸಿ ಯೋಚಿಸುವುದು, ಉಪಾಯ ಹುಡುಕುವುದು ಅದರ ಲಕ್ಷಣ. ನಮ್ಮ ಉಪನ್ಯಾಸಕಿಯ ಬೇಜಾರಿನಲ್ಲಿ ಅಸೂಯೆಗಿಂತ ಅಮರ್ಷದ ಪಾಲು ಹೆಚ್ಚಿರಬಹುದು ಎಂದು ಈ ವಿವರಣೆಯಿಂದಲೇ ಊಹಿಸಬಹುದು. ಭರತನ ಉದ್ದೇಶ ನಟನ ತರಬೇತಿ, ಮನಸ್ಸಿನ ಚಿಕಿತ್ಸೆಯಲ್ಲ, ನಿಜ. ಆದರೆ ನಟ ಅಸೂಯೆಯನ್ನೂ ಅಮರ್ಷವನ್ನೂ ಒಂದೇ ಮುಖದಲ್ಲಿ ತೋರಿಸಿದರೆ ಪ್ರೇಕ್ಷಕ ಎದ್ದುಹೋಗುತ್ತಾನೆ ಎಂಬುದು ಆ ಶಾಸ್ತ್ರಕ್ಕೆ ಗೊತ್ತಿತ್ತು.

ಅಮರ್ಷವನ್ನು ಇಂದು ಯಾರೂ ಮನೆಯಲ್ಲಿ ಬಳಸುವುದಿಲ್ಲ, ಬಳಸಬೇಕಾಗಿಯೂ ಇಲ್ಲ. ಬಾಯಿಗೆ ಬರುವ ಕನ್ನಡದಲ್ಲೇ ಬೇಕಾದಷ್ಟಿದೆ. ಹೆದರಿಕೆಯ ಕಡೆಗೆ ನೋಡಿದರೆ ಅಳುಕು, ದಿಗಿಲು, ಗಾಬರಿ, ಕಳವಳ, ತಳಮಳ. ದಿಗಿಲು ಥಟ್ಟನೆ ಬಂದು ಹೋಗುತ್ತದೆ, ಕಳವಳ ಬಹಳ ಹೊತ್ತು ಕೂರುತ್ತದೆ, ಅಳುಕಿಗೆ ಎದುರಿಗೆ ಒಬ್ಬ ವ್ಯಕ್ತಿಯೋ ಒಂದು ಕೆಲಸವೋ ಬೇಕು. ಸಂಕೋಚದ ಕಡೆಗೆ ಮುಜುಗರ, ಇರುಸುಮುರುಸು, ಹಿಂಜರಿಕೆ, ಕಸಿವಿಸಿ. ಸಿಟ್ಟಿನಲ್ಲಿ ಸಿಡುಕಿಗೆ ನಿಜವಾದ ಕಾರಣ ಬೇಡ, ನಿದ್ದೆಗೆಟ್ಟಿದ್ದರೆ ಸಾಕು. ಮುನಿಸಿಗೆ ಮಾತ್ರ ಪ್ರೀತಿ ಬೇಕು, ಅಪರಿಚಿತರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಇವೆಲ್ಲ ಅಜ್ಜಿಯಂದಿರ ಬಾಯಲ್ಲಿ ಸಲೀಸಾಗಿದ್ದ ಪದಗಳು. ನಾವು ಅವನ್ನು ಕಥೆ ಕಾದಂಬರಿಯಲ್ಲಿ ಓದಿದರೆ ಥಟ್ಟನೆ ಗುರುತಿಸುತ್ತೇವೆ, ನಮ್ಮ ಬಗ್ಗೆ ಹೇಳಿಕೊಳ್ಳುವಾಗ ಮಾತ್ರ ಬಳಸುವುದಿಲ್ಲ. ಅಂದಮೇಲೆ ಕೊರತೆ ಇರುವುದು ಪದಗಳದ್ದಲ್ಲ.

ಹಾಗಾದರೆ ಏನು ಅಡ್ಡಿ? ಇದಕ್ಕೆ ಒಂದು ಸುಳಿವು ಬೆಂಗಳೂರಿನಿಂದಲೇ ಸಿಗುತ್ತದೆ. ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮತ್ತು ಸಂಗಡಿಗರು ಬೆಂಗಳೂರಿನ 80 ಮಂದಿ ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಖಿನ್ನತೆಯ ಲಕ್ಷಣ ಹೆಚ್ಚಿದಂತೆ ರೋಗಿಗಳಲ್ಲಿ ಕಳಂಕದ ಭಾವ ಹೆಚ್ಚಿತ್ತು. ಮೈಕೈ ನೋವಿನಂಥ ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ತಲೆನೋವು, ಸುಸ್ತು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಯಾರೂ ಬೇರೆಯಾಗಿ ನೋಡುವುದಿಲ್ಲ. ಮನಸ್ಸಿನ ಸಂಕಟ ಹೇಳಿಕೊಂಡರೆ ಮಗಳ ಮದುವೆಗೆ ತೊಡಕಾದೀತು, ನೆರೆಹೊರೆ ಆಡಿಕೊಂಡೀತು ಎಂಬ ಅಂಜಿಕೆ. ಅಂದರೆ ಜನ ಮಾತು ಬಾರದೆ ಮೈನೋವು ಎನ್ನುತ್ತಿರಲಿಲ್ಲ, ಅಪಾಯ ಕಡಿಮೆಯಿರುವ ಮಾತನ್ನು ಆರಿಸಿಕೊಳ್ಳುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ‘ಬೇಜಾರು’ ಕೂಡ ಇಂಥದೇ ಒಂದು ಸುರಕ್ಷಿತ ಪದ. ‘ನಿನ್ನ ಮಾತಿನಿಂದ ಅವಮಾನವಾಯಿತು’ ಎಂದರೆ ಎದುರಿನವರ ಮೇಲೆ ಆರೋಪ ಹೊರಿಸಿದಂತಾಗುತ್ತದೆ, ‘ನನಗೆ ಹೊಟ್ಟೆಕಿಚ್ಚಾಗುತ್ತಿದೆ’ ಎಂದರೆ ತನ್ನ ಮಾನವೇ ಹೋಗುತ್ತದೆ. ‘ಬೇಜಾರಾಯ್ತು’ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಕೂಡುಕುಟುಂಬದ, ಸಣ್ಣ ಊರಿನ ಬದುಕಿನಲ್ಲಿ ಇದು ಬಹಳ ಉಪಯೋಗದ ಪದ, ಅದನ್ನು ಹಳಿದು ಫಲವಿಲ್ಲ. ಹೊರಗೆ ಆಡುವ ಪದವನ್ನೇ ಒಳಗೂ ನಂಬಿಬಿಟ್ಟಾಗ ಮಾತ್ರ ಅದು ಕೆಡುಕು ಮಾಡುತ್ತದೆ. ಅತ್ತೆಯ ಎದುರು ‘ಏನಿಲ್ಲ ಅತ್ತೆ, ಸ್ವಲ್ಪ ಬೇಜಾರು’ ಎನ್ನುವ ಸೊಸೆ ತನ್ನೊಳಗೆ ಅದು ಕೋಪವೋ ದಣಿವೋ ತವರಿನ ನೆನಪೋ ಎಂದು ತಿಳಿದಿದ್ದರೆ ಸಾಕು. ಎಲ್ಲ ಭಾವನೆಯನ್ನೂ ಎಲ್ಲರೆದುರೂ ಬಿಚ್ಚಿಡಬೇಕು ಎಂಬ ಈಚಿನ ಬೋಧನೆಗೂ ಈ ವಾದಕ್ಕೂ ಸಂಬಂಧವಿಲ್ಲ.

ಆಕ್ಷೇಪಗಳು ಇವೆ, ಅವುಗಳಲ್ಲಿ ಎರಡು ಸುಲಭವಾಗಿ ತಳ್ಳಿಹಾಕುವಂಥವಲ್ಲ. ಮೊದಲನೆಯದು, ನೋವಿನ ಪದಗಳು ಹೆಚ್ಚಿದಷ್ಟೂ ನೋವು ಹೆಚ್ಚುವುದಿಲ್ಲವೇ ಎಂಬುದು. 2020ರಲ್ಲಿ ವೆರಾ ವೈನ್, ರಯಾನ್ ಬಾಯ್ಡ್, ಜೇಮ್ಸ್ ಪೆನ್ನಿಬೇಕರ್ ಅವರು ಪ್ರಕಟಿಸಿದ ಅಧ್ಯಯನ ಈ ಅನುಮಾನಕ್ಕೆ ಬಲ ಕೊಡುವಂತಿದೆ. ಕಾಲೇಜು ವಿದ್ಯಾರ್ಥಿಗಳು ಮನಸ್ಸಿಗೆ ಬಂದದ್ದನ್ನು ತಡೆಯಿಲ್ಲದೆ ಬರೆದ ಬರಹಗಳನ್ನೂ ಸಾವಿರಾರು ಜನರ ಸಾರ್ವಜನಿಕ ಬರಹಗಳನ್ನೂ ಅವರು ಶೋಧಿಸಿದರು. ಅಹಿತಕರ ಭಾವನೆಗಳಿಗೆ ಹೆಚ್ಚು ಬಗೆಯ ಪದ ಬಳಸಿದವರಲ್ಲಿ ಖಿನ್ನತೆ, ಅನಾರೋಗ್ಯ ಹೆಚ್ಚು ಕಂಡವು. ಹಿತಕರ ಭಾವನೆಗಳಿಗೆ ಹೆಚ್ಚು ಬಗೆಯ ಪದ ಬಳಸಿದವರಲ್ಲಿ ಬದುಕು ಹೆಚ್ಚು ನೆಮ್ಮದಿಯಾಗಿತ್ತು. ಇದು ಹಿಂದಿನ ಅಧ್ಯಯನಗಳಿಗೆ ನೇರ ವಿರುದ್ಧವೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಇಲ್ಲಿ ಅಳೆದದ್ದು ಬೇರೆ. ವೈನ್ ಮತ್ತು ಸಂಗಡಿಗರು ಎಣಿಸಿದ್ದು ಬಳಕೆಯಾದ ಪದಗಳ ವೈವಿಧ್ಯವನ್ನು, ಆ ಪದಗಳು ಒಂದರಿಂದೊಂದು ಎಷ್ಟು ಬೇರೆಯಾಗಿ ಕೆಲಸ ಮಾಡಿದವು ಎಂಬುದನ್ನಲ್ಲ. ಹತ್ತು ಬಗೆಯ ಕಷ್ಟ ಅನುಭವಿಸಿದವರು ಹತ್ತು ಪದ ಬಳಸುವುದು ಸಹಜ, ಯಾರು ಎಲ್ಲಿ ವಾಸವಾಗಿದ್ದಾರೋ ಆ ಬೀದಿಯ ಹೆಸರುಗಳು ಅವರಿಗೆ ಗೊತ್ತಿರುತ್ತವೆ. ಪದ ಕಲಿತಿದ್ದಕ್ಕೆ ಕಷ್ಟ ಬಂತು ಎಂದು ಆ ಅಧ್ಯಯನವೂ ಹೇಳುವುದಿಲ್ಲ. ಆದರೂ ಅದರಲ್ಲಿ ಒಂದು ಎಚ್ಚರಿಕೆಯಿದೆ. ಶಾಲೆಯ ಗೋಡೆಗೆ ನೂರು ಭಾವನೆಗಳ ಚಾರ್ಟು ತೂಗುಹಾಕಿ ದಿನಕ್ಕೊಂದು ದುಃಖವಾಚಕ ಕಲಿಸುವುದರಿಂದ ಏನೋ ಸಾಧಿಸಿದೆವು ಎಂದುಕೊಳ್ಳುವಂತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಹೆಸರಿಟ್ಟ ಕೂಡಲೇ ಭಾವನೆ ಗಟ್ಟಿಯಾಗಿಬಿಡುತ್ತದೆ, ಹಾಗೇ ಬಿಟ್ಟಿದ್ದರೆ ಅದು ತಾನೇ ಕರಗುತ್ತಿತ್ತು ಎಂಬ ವಾದವಿದು. 2021ರಲ್ಲಿ ಎರಿಕ್ ನೂಕ್, ಅಜಯ್ ಸತ್ಪುತೆ, ಕೆವಿನ್ ಆಕ್ಸ್‌ನರ್ ಅವರ ಪ್ರಯೋಗಗಳಲ್ಲಿ ಮನಕಲಕುವ ಚಿತ್ರಗಳನ್ನು ನೋಡಿದವರು ಮೊದಲು ತಮ್ಮ ಭಾವನೆಗೆ ಹೆಸರಿಟ್ಟು ಆಮೇಲೆ ಅದನ್ನು ಬೇರೆ ದೃಷ್ಟಿಯಿಂದ ನೋಡಲು ಪ್ರಯತ್ನಿಸಿದಾಗ, ಹೆಸರಿಡದೆ ಪ್ರಯತ್ನಿಸಿದಾಗಿನಷ್ಟು ಸಮಾಧಾನ ಸಿಗಲಿಲ್ಲ. ಭಾವನೆಯನ್ನು ಇದ್ದ ಹಾಗೆ ಒಪ್ಪಿಕೊಳ್ಳುವ ಪ್ರಯತ್ನಕ್ಕೂ ಹೆಸರಿಡುವುದು ಅಡ್ಡಬಂತು. ಇದನ್ನು ಒಪ್ಪಬೇಕು. ಹೆಸರಿಡುವುದು ಎಲ್ಲ ಹೊತ್ತಿಗೂ ಮದ್ದಲ್ಲ. ಕ್ಷಣದಲ್ಲಿ ಬಂದು ಹೋಗುವ ಕಿರಿಕಿರಿಗೆ ಪದ ಹುಡುಕುತ್ತ ಕೂರುವುದು ಅದನ್ನು ಕೂರಿಸಿ ಕಾಫಿ ಕೊಟ್ಟಂತೆ. ಬಸ್ಸಿನಲ್ಲಿ ಕಾಲು ತುಳಿದವನ ಮೇಲಿನ ಸಿಟ್ಟಿಗೆ ವಿವೇಚನೆ ಬೇಕಿಲ್ಲ. ಮರುದಿನವೂ ಉಳಿಯುವುದು, ಅದೇ ವ್ಯಕ್ತಿಯ ಎದುರು ಮತ್ತೆ ಮತ್ತೆ ಹುಟ್ಟುವುದು, ನಿದ್ದೆಗೆ ಅಡ್ಡಬರುವುದು, ಇಂಥವಕ್ಕೆ ಮಾತ್ರ ಹೆಸರು ಬೇಕು. ಅದೂ ಬಿಸಿ ಆರಿದ ಮೇಲೆ.

ಇದೇ ಕಾರಣಕ್ಕೆ ಈಚೆಗೆ ಯುವಜನರ ಮಾತಿನಲ್ಲಿ ಸೇರಿಕೊಂಡಿರುವ ‘ಡಿಪ್ರೆಶನ್’, ‘ಟ್ರಾಮಾ’, ‘ಟಾಕ್ಸಿಕ್’ ಮುಂತಾದ ಪದಗಳನ್ನು ಭಾವನೆಯ ಪದಸಂಪತ್ತು ಎಂದು ಎಣಿಸಲು ನಾನು ಸಿದ್ಧನಿಲ್ಲ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ಡಿಪ್ರೆಶನ್, ಗೆಳತಿ ಎರಡು ದಿನ ಮಾತಾಡದಿದ್ದರೂ ಡಿಪ್ರೆಶನ್ ಎಂದಾದಾಗ ಅದು ಇನ್ನೊಂದು ‘ಬೇಜಾರು’ ಆಯಿತೇ ಹೊರತು ವಿವೇಚನೆಯಾಗಲಿಲ್ಲ. ಮೇಲಾಗಿ ಅದು ಮುಂದಿನ ಹೆಜ್ಜೆಯನ್ನೂ ಕಿತ್ತುಕೊಳ್ಳುತ್ತದೆ, ಕಾಯಿಲೆಗೆ ರೋಗಿ ತಾನೇ ಏನು ಮಾಡಬಲ್ಲ? ವೈದ್ಯರು ಖಿನ್ನತೆ ಎಂದು ನಿರ್ಧರಿಸಬೇಕಾದರೆ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು. ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳಲ್ಲಿ ವ್ಯತ್ಯಾಸ ಕಾಣಬೇಕು. ಹಾಗೆ ಕಂಡರೆ ಪದ ಹುಡುಕುವ ಅಭ್ಯಾಸ ಬಿಟ್ಟು ವೈದ್ಯರನ್ನು ಕಾಣಬೇಕು, ಅಥವಾ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಪದಸಂಪತ್ತಿನ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ.

ಒಳ್ಳೆಯ ಭಾವನೆಗಳ ಕಡೆ ನಮ್ಮ ಉದಾಸೀನ ಇನ್ನೂ ಹೆಚ್ಚು. ಖುಷಿಗೆ ಯಾಕಪ್ಪಾ ವಿವೇಚನೆ, ಅನುಭವಿಸಿದರಾಯಿತು ಎನ್ನುವುದು ಸಾಮಾನ್ಯ ಧೋರಣೆ. ಆದರೆ ಆಯ್ಕೆಗಳನ್ನು ಮಾಡುವಾಗ ನಾವು ನೆಚ್ಚಿಕೊಳ್ಳುವುದು ಹಿಂದಿನ ಖುಷಿಯ ನೆನಪನ್ನೇ. ನಿವೃತ್ತಿಯ ನಂತರ ಎಲ್ಲಿ ಇರಬೇಕು ಎಂದು ಯೋಚಿಸುವ ದಂಪತಿಗೆ ಊರಿನ ಮನೆಯಲ್ಲಿ ಕಳೆದ ದಿನಗಳು ‘ಚೆನ್ನಾಗಿದ್ದವು’ ಎಂಬ ನೆನಪು ಸಾಲದು. ಅದು ಹಬ್ಬಕ್ಕೆ ಎಲ್ಲರೂ ಸೇರಿದಾಗಿನ ಸಡಗರವಾಗಿದ್ದರೆ, ನೆಂಟರು ಹೋದ ಮೇಲೆ ಆ ಮನೆ ಬಿಕೋ ಎನ್ನುತ್ತದೆ. ಬೆಳಿಗ್ಗೆ ಯಾರ ಗೊಡವೆಯಿಲ್ಲದೆ ಅಂಗಳದಲ್ಲಿ ಕೂತಾಗಿನ ನಿರಾಳವಾಗಿದ್ದರೆ, ಅದು ವರ್ಷವಿಡೀ ಸಿಕ್ಕೀತು. ಸ್ವಂತ ಕೈಯಲ್ಲಿ ತೋಟ ಮಾಡಿದ ಹೆಮ್ಮೆಯಾಗಿದ್ದರೆ, ಮೊಣಕಾಲು ಎಷ್ಟು ದಿನ ಒಪ್ಪೀತು ಎಂದೂ ಕೇಳಿಕೊಳ್ಳಬೇಕು. ಹಿಗ್ಗು, ಸಡಗರ, ನಿರಾಳ, ನೆಮ್ಮದಿ, ಹೆಮ್ಮೆ, ಹುರುಪು ಇವುಗಳಲ್ಲಿ ಯಾವುದೊಂದೂ ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ಒಂದನ್ನು ಬಯಸಿ ಇನ್ನೊಂದು ಸಿಗುವ ಕಡೆಗೆ ಮನೆ ಬದಲಿಸಿದವರು ನಮ್ಮ ಸುತ್ತ ಕಡಿಮೆಯೇನಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಎರಿಕ್ ನೂಕ್ ಮತ್ತು ಸಂಗಡಿಗರು 5ರಿಂದ 25 ವರ್ಷದವರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾವವಿವೇಚನೆ ವಯಸ್ಸಿನೊಂದಿಗೆ ನೇರವಾಗಿ ಏರಲಿಲ್ಲ. ಚಿಕ್ಕ ಮಕ್ಕಳಲ್ಲಿ ಹೆಚ್ಚಿತ್ತು, ಹದಿಹರೆಯದಲ್ಲಿ ಕುಸಿಯಿತು, ಯೌವನದಲ್ಲಿ ಮತ್ತೆ ಏರಿತು. ಚಿಕ್ಕ ಮಗು ಒಂದು ಹೊತ್ತಿಗೆ ಒಂದೇ ಭಾವನೆ ಇರುತ್ತದೆ ಎಂಬಂತೆ ಉತ್ತರಿಸುತ್ತದೆ, ಹಾಗಾಗಿ ಅದರ ಉತ್ತರ ಸ್ಪಷ್ಟ. ಹದಿಹರೆಯದವರಿಗೆ ಒಟ್ಟಿಗೆ ನಾಲ್ಕಾರು ಭಾವನೆಗಳು ಕಾಣತೊಡಗುತ್ತವೆ, ಅವನ್ನು ಬಿಡಿಸುವುದು ಇನ್ನೂ ಬಂದಿರುವುದಿಲ್ಲ. ಹತ್ತನೇ ತರಗತಿಯ ಮಗ “ಏನೋ ಗೊತ್ತಿಲ್ಲ, ಬಿಡಮ್ಮಾ” ಎಂದರೆ ಅದು ಉದ್ಧಟತನ ಆಗಿರಲೇಬೇಕೆಂದಿಲ್ಲ, ಪ್ರಾಮಾಣಿಕ ಉತ್ತರವೂ ಇರಬಹುದು. ಅವನಿಗೆ “ಏನಾಯ್ತು ಹೇಳು” ಎಂದು ಹತ್ತು ಸಲ ಕೇಳುವುದರಿಂದ ಉಪಯೋಗವಿಲ್ಲ, ಹೇಳಲು ಅವನ ಬಳಿ ಇನ್ನೂ ಸಿದ್ಧವಾದ ಮಾತಿಲ್ಲ. ಒಂದೇ ಪದವನ್ನು ಅವನ ಬಾಯಿಗೆ ತುರುಕುವುದೂ ತಪ್ಪು. “ನಿನಗೆ ಹೊಟ್ಟೆಕಿಚ್ಚು” ಎಂದು ಅಮ್ಮ ತೀರ್ಪು ಕೊಟ್ಟರೆ ಅಲ್ಲಿಗೆ ಮಾತು ಮುಗಿಯುತ್ತದೆ.

ಎರಡು ಪದ ಕೊಟ್ಟು ಆರಿಸಲು ಬಿಡಿ. “ಟೀಮಿಗೆ ಆರಿಸಲಿಲ್ಲ ಅಂತ ನಿರಾಸೆಯಾಯ್ತಾ, ಎಲ್ಲರೆದುರು ಹೆಸರು ಓದಿದ್ದಕ್ಕೆ ಅವಮಾನ ಆಯ್ತಾ?” ಎಂದು ಕೇಳಿದರೆ, “ಎರಡೂ ಅಲ್ಲ, ಇಷ್ಟು ದಿನ ಪ್ರಾಕ್ಟೀಸ್ ಮಾಡಿದ್ದು ವೇಸ್ಟ್ ಅನ್ನಿಸ್ತು” ಎಂಬ ಮೂರನೆಯ ಉತ್ತರ ಬಂದರೂ ಬರಬಹುದು. ಬಂದರೆ ತಿದ್ದಲು ಹೋಗಬೇಡಿ. ಆ ಉತ್ತರ ನಿಮಗೆ ತಪ್ಪೆನಿಸಿದರೂ ಅದು ಅವನೇ ಹುಡುಕಿಕೊಂಡದ್ದು. ಮಾತಾಡಿಸುವ ಹೊತ್ತನ್ನೂ ನೋಡಿಕೊಳ್ಳಿ. ಶಾಲೆಯಿಂದ ಬಂದ ಕೂಡಲೇ ಬೇಡ, ರಾತ್ರಿ ಊಟವಾದ ಮೇಲೆ ಕೇಳಿ.